ಹತ್ತು ದಾರಿ, ಹದಿನಾರು ಸಂಕೇತ

ಡಿಜಿಟಲ್ ಸರ್ಕ್ಯೂಟಿನೊಳಗೆ 0ಯಿಂದ 9ರವರೆಗಿನ ಒಂದು ಅಂಕಿಯನ್ನು ಸಾಗಿಸಲು ನಾಲ್ಕು ತಂತಿ ಬೇಕು. ಪ್ರತಿ ತಂತಿಯಲ್ಲಿ ವೋಲ್ಟೇಜ್ ಇದ್ದರೆ 1, ಇಲ್ಲದಿದ್ದರೆ 0. ಮೂರು ತಂತಿಗಳಲ್ಲಿ ಎಂಟು ಬಗೆಯ ಸಂಕೇತಗಳಷ್ಟೇ ಮೂಡುವುದರಿಂದ ಮೂರು ಸಾಲದು. ನಾಲ್ಕು ಇಟ್ಟರೆ ಹದಿನಾರು ಮೂಡುತ್ತವೆ; ಬೇಕಾದ ಹತ್ತು ಸಿಕ್ಕಿ, ಬೇಡದ ಆರು ಜೊತೆಗೆ ಬರುತ್ತವೆ. ಹೀಗೆ ಒಂದೊಂದು ಅಂಕಿಗೆ ನಾಲ್ಕು ಬಿಟ್ ಕೊಡುವ ಪದ್ಧತಿಗೆ ಬಿಸಿಡಿ ಎನ್ನುತ್ತಾರೆ. ಆ ನಾಲ್ಕು ತಂತಿಗಳನ್ನು ಓದಿ, ತನ್ನ ಹತ್ತು ಔಟ್‌ಪುಟ್‌ಗಳಲ್ಲಿ ಸರಿಯಾದ ಒಂದನ್ನೇ ಆರಿಸಿಕೊಡುವ ಚಿಪ್ಪು ಬಿಸಿಡಿ-ಡೆಸಿಮಲ್ ಡಿಕೋಡರ್.

ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಗಳಲ್ಲಿ ಇದು ಹೆಚ್ಚಾಗಿ 7442 ಎಂಬ ನಂಬರಿನಲ್ಲಿ ಸಿಗುತ್ತದೆ. ಹದಿನಾರು ಪಿನ್‌ಗಳ ಪುಟ್ಟ ಐಸಿ. 16ನೇ ಪಿನ್ನಿಗೆ 5 ವೋಲ್ಟ್, 8ನೇ ಪಿನ್ನಿಗೆ ಗ್ರೌಂಡ್. ಎ, ಬಿ, ಸಿ, ಡಿ ಎಂಬ ನಾಲ್ಕು ಇನ್‌ಪುಟ್‌ಗಳು ಕ್ರಮವಾಗಿ 15, 14, 13, 12ನೇ ಪಿನ್‌ಗಳಲ್ಲಿವೆ. ಎ ಎಂದರೆ 1, ಬಿ ಎಂದರೆ 2, ಸಿ ಎಂದರೆ 4, ಡಿ ಎಂದರೆ 8. ಡಿ ಮತ್ತು ಎ ಎರಡಕ್ಕೇ ವೋಲ್ಟೇಜ್ ಕೊಟ್ಟರೆ 8 ಮತ್ತು 1 ಸೇರಿ ಒಂಬತ್ತಾಗುತ್ತದೆ. ಡಿ ಬಿಟ್ಟನ್ನು ಮೊದಲಿಟ್ಟು ಬರೆದರೆ 1001. ಆಗ ಒಂಬತ್ತನೇ ಔಟ್‌ಪುಟ್ ಮಾತ್ರ 0 ವೋಲ್ಟಿನ ಹತ್ತಿರಕ್ಕೆ ಇಳಿಯುತ್ತದೆ, ಮಿಕ್ಕ ಒಂಬತ್ತೂ ಮೇಲೆಯೇ ನಿಲ್ಲುತ್ತವೆ. ಆಯ್ಕೆಯಾದದ್ದು ಕೆಳಗಿಳಿಯುತ್ತದೆ ಎಂಬುದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಆದರೆ ಆ ಕಾಲದ ಟಿಟಿಎಲ್ ಚಿಪ್ಪುಗಳಿಗೆ ಕರೆಂಟನ್ನು ಹೊರಗೆ ತಳ್ಳುವುದಕ್ಕಿಂತ ಒಳಗೆ ಎಳೆದುಕೊಳ್ಳುವುದೇ ಸುಲಭ. ಅದಕ್ಕೇ ಎಲ್‌ಇಡಿಯ ಒಂದು ತುದಿಯನ್ನು 470 ಓಮ್ ರೆಸಿಸ್ಟರಿನ ಮೂಲಕ 5 ವೋಲ್ಟಿಗೆ, ಇನ್ನೊಂದನ್ನು ಡಿಕೋಡರಿನ ಔಟ್‌ಪುಟ್ಟಿಗೆ ಸೇರಿಸುತ್ತಾರೆ. ಆರು ಮಿಲಿಆಂಪಿಯರ್ ಆಸುಪಾಸಿನ ಕರೆಂಟ್ ಹರಿದು ದೀಪ ಬೆಳಗುತ್ತದೆ.

ಇಷ್ಟರವರೆಗೆ ತೊಡಕಿಲ್ಲ. ಹತ್ತನೇ ಸಂಖ್ಯೆ, ಅಂದರೆ 1010 ಬಂದರೆ ಏನಾಗಬೇಕು?

ಅದಕ್ಕೆ ಉತ್ತರ ಚಿಪ್ಪಿನೊಳಗಿನ ಗೇಟುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದರಲ್ಲಿದೆ. ಬೇಡದ ಆರು ಸಂಕೇತಗಳು ಎಂದೂ ಬರುವುದೇ ಇಲ್ಲ ಎಂದು ನಂಬಿದ ವಿನ್ಯಾಸಕಾರನಿಗೆ ಒಳ್ಳೆಯ ಉಳಿತಾಯವಿದೆ. 0ಯಿಂದ 9ರ ಮಟ್ಟಿಗೆ ನೋಡಿದರೆ ಡಿ ಬಿಟ್ 1 ಆಗುವುದು 8 ಮತ್ತು 9ರಲ್ಲಿ ಮಾತ್ರ. ಹಾಗಾಗಿ ಒಂಬತ್ತನ್ನು ಗುರುತಿಸಲು ಡಿ ಮತ್ತು ಎ ಎರಡನ್ನೇ ನೋಡಿದರೆ ಸಾಕು. ಎಂಟಕ್ಕೂ ಅಷ್ಟೆ: ಡಿ 1, ಎ 0. ಎರಡರಿಂದ ಏಳರವರೆಗಿನ ಅಂಕಿಗಳಿಗೆ ಡಿಯನ್ನು ಬಿಟ್ಟು ಉಳಿದ ಮೂರನ್ನು ನೋಡಿದರಾಯಿತು. ಸೊನ್ನೆ ಮತ್ತು ಒಂದಕ್ಕೆ ಮಾತ್ರ ನಾಲ್ಕೂ ಬೇಕು. ಪ್ರತಿ ಅಂಕಿಗೂ ನಾಲ್ಕು ಬಿಟ್ ನೋಡಿದರೆ ಗೇಟುಗಳಿಗೆ ಒಟ್ಟು 40 ಇನ್‌ಪುಟ್ ಬೇಕಾಗುತ್ತದೆ. ಈ ಜಾಣ ಲೆಕ್ಕದಲ್ಲಿ 30 ಸಾಕು. ಪಠ್ಯಪುಸ್ತಕದ ಕಾರ್ನೋ ಮ್ಯಾಪ್ ಲೆಕ್ಕಗಳಲ್ಲಿ ಖಾಲಿ ಚೌಕಗಳಿಗೆ ಅಡ್ಡಗುರುತು ಹಾಕಿ ದೊಡ್ಡ ಗುಂಪು ಮಾಡಿಕೊಳ್ಳುವುದೂ ಇದೇ ಉಳಿತಾಯಕ್ಕಾಗಿ.

ಈಗ ಆ ಉಳಿತಾಯದ ಚಿಪ್ಪಿಗೆ 1010 ಬಂತು ಎನ್ನಿ. ಸಿ 0, ಬಿ 1, ಎ 0 ಇರುವುದನ್ನು ನೋಡಿ ಎರಡನೇ ಔಟ್‌ಪುಟ್ ತನ್ನ ಸರದಿ ಬಂತೆಂದು ತಿಳಿಯುತ್ತದೆ. ಡಿ 1, ಎ 0 ಇರುವುದನ್ನು ನೋಡಿ ಎಂಟನೆಯದೂ ಎದ್ದು ನಿಲ್ಲುತ್ತದೆ. ಒಂದೇ ಸಲಕ್ಕೆ ಎರಡು ಲೈನು ಆಯ್ಕೆಯಾದವು! 1011 ಬಂದರೆ ಮೂರು ಮತ್ತು ಒಂಬತ್ತು, 1100 ಬಂದರೆ ನಾಲ್ಕು ಮತ್ತು ಎಂಟು. ಹೀಗೆ ಆರೂ ತಪ್ಪು ಸಂಕೇತಗಳಲ್ಲಿ ಜೋಡಿ ಆಯ್ಕೆಯೇ. ಔಟ್‌ಪುಟ್‌ಗಳಲ್ಲಿ ದೀಪಗಳಿದ್ದರೆ ಎರಡು ದೀಪ ಉರಿಯುತ್ತವೆ, ದೊಡ್ಡ ನಷ್ಟವಿಲ್ಲ. ಆದರೆ ಆ ಹತ್ತು ಲೈನುಗಳು ಒಂದೇ ಡೇಟಾ ತಂತಿಯನ್ನು ಹಂಚಿಕೊಂಡ ಹತ್ತು ಉಪಕರಣಗಳನ್ನು ಎಬ್ಬಿಸುವಂಥವಾದರೆ ಎರಡು ಉಪಕರಣ ಒಟ್ಟಿಗೆ ಮಾತಾಡುತ್ತವೆ. ಒಂದು 1 ಎನ್ನುವಾಗ ಇನ್ನೊಂದು 0 ಎಂದರೆ ಓದಿದ ಡೇಟಾ ಕೆಡುವುದಷ್ಟೇ ಅಲ್ಲ, ಎರಡರ ನಡುವೆ ನೇರ ಕರೆಂಟ್ ಹರಿದು ಚಿಪ್ಪು ಬಿಸಿಯಾಗುತ್ತದೆ.

7442 ಈ ದಾರಿ ಹಿಡಿಯಲಿಲ್ಲ. ಅದರಲ್ಲಿ ಪ್ರತಿ ಔಟ್‌ಪುಟ್ಟೂ ನಾಲ್ಕೂ ಬಿಟ್‌ಗಳನ್ನು ಪರೀಕ್ಷಿಸುತ್ತದೆ. 1010ರಿಂದ 1111ರವರೆಗೆ ಯಾವುದೇ ಸಂಕೇತ ಬರಲಿ, ಹತ್ತೂ ಔಟ್‌ಪುಟ್ ಮೇಲೆಯೇ ಉಳಿಯುತ್ತವೆ, ಯಾವುದೂ ಆಯ್ಕೆಯಾಗುವುದಿಲ್ಲ. ಗೇಟುಗಳಲ್ಲಿ ಹತ್ತು ಇನ್‌ಪುಟ್ ಹೆಚ್ಚಾದವು ನಿಜ, ಬದಲಿಗೆ ತಪ್ಪು ಸಂಕೇತ ಬಂದಾಗ ಸುಮ್ಮನಿರುವ ಚಿಪ್ಪು ಸಿಕ್ಕಿತು. ಇದು ತುಂಬ ಒಳ್ಳೆಯ ವ್ಯಾಪಾರ.

ಸುಮ್ಮನಿರುವುದೂ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಿಕ್ಸಿ ಟ್ಯೂಬುಗಳ ಕಾಲದ ಎರಡು ಚಿಪ್ಪುಗಳಲ್ಲಿ ನೋಡಬಹುದು. ಗಾಜಿನ ಬುರುಡೆಯೊಳಗೆ 0ಯಿಂದ 9ರ ಆಕಾರದ ಹತ್ತು ತಂತಿಗಳಿದ್ದು, ಯಾವುದನ್ನು ಗ್ರೌಂಡಿಗೆ ಎಳೆದರೆ ಆ ಅಂಕಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಟ್ಯೂಬ್ ಅದು. ಅದನ್ನು ನಡೆಸುತ್ತಿದ್ದ 7441ರಲ್ಲಿ ಪೂರ್ತಿ ಡಿಕೋಡಿಂಗ್ ಇರಲಿಲ್ಲ. ನಂತರದ 74141ರಲ್ಲಿ ಅದು ಬಂತು. ಹತ್ತರಿಂದ ಹದಿನೈದರವರೆಗಿನ ಸಂಕೇತಕ್ಕೆ ಟ್ಯೂಬ್ ಕತ್ತಲಾಗುತ್ತದೆ. ಎಡತುದಿಯ ಬೇಡದ ಸೊನ್ನೆಯನ್ನು ಮರೆಮಾಡಲು ಈ ತಪ್ಪು ಸಂಕೇತಗಳನ್ನೇ ಬಳಸಿಕೊಳ್ಳಬಹುದು ಎಂದು ಚಿಪ್ಪಿನ ಡೇಟಾಶೀಟೇ ಹೇಳಿತು. ಗಡಿಯಾರದಲ್ಲಿ 07:45ರ ಬದಲು 7:45 ಕಾಣಬೇಕಾದರೆ ಮೊದಲ ಟ್ಯೂಬಿಗೆ 0000 ಬದಲು 1111 ಕಳಿಸಿದರಾಯಿತು.

ಲೈನು ಆರಿಸುವ ಕೆಲಸದಲ್ಲೂ ಇದೇ ಉಪಾಯ. 7442ಕ್ಕೆ ಕೆಲಸ ನಿಲ್ಲಿಸು ಎಂದು ಹೇಳುವ ಬೇರೆ ಪಿನ್ ಇಲ್ಲ. ಯಾವ ಲೈನೂ ಬೇಡ ಎಂದಾಗ ಅದರ ಇನ್‌ಪುಟ್ಟಿಗೆ 1111 ಇಡುತ್ತಾರೆ. ಎಂಟೇ ಲೈನು ಸಾಕು ಎನ್ನುವವರು ಡಿ ಇನ್‌ಪುಟ್ಟನ್ನೇ ಸ್ವಿಚ್ಚಾಗಿ ಮಾಡಿಕೊಳ್ಳಬಹುದು: ಡಿ 0 ಇದ್ದಾಗ ಎ, ಬಿ, ಸಿ ಹೇಳಿದ ಲೈನು ಇಳಿಯುತ್ತದೆ, ಡಿ 1 ಆದ ಕೂಡಲೇ ಮೊದಲ ಎಂಟೂ ಬಂದ್. ಆಗ ಎಂಟು, ಒಂಬತ್ತರ ಪಿನ್‌ಗಳನ್ನು ಎಲ್ಲಿಗೂ ಜೋಡಿಸದೆ ಬಿಡಬೇಕು, ಅಷ್ಟೆ.

ಬ್ರೆಡ್‌ಬೋರ್ಡಿನ ಮೇಲೆ ಇದೇ ಗುಣ ಹೊಸಬರನ್ನು ದಾರಿ ತಪ್ಪಿಸುತ್ತದೆ. ಐಸಿ ಚುಚ್ಚಿ, ಹತ್ತು ಎಲ್‌ಇಡಿ ಜೋಡಿಸಿ, ಪವರ್ ಕೊಟ್ಟರೆ ಒಂದೂ ಉರಿಯುವುದಿಲ್ಲ. ಐಸಿ ಸುಟ್ಟಿದೆ ಎಂದುಕೊಂಡು ಕಿತ್ತು ಬದಿಗಿಡುವವರೇ ಹೆಚ್ಚು. ಕಾರಣ ಬೇರೆಯೇ ಇರುತ್ತದೆ. ಟಿಟಿಎಲ್ ಚಿಪ್ಪಿನ ಇನ್‌ಪುಟ್ಟನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಅದು ತನ್ನನ್ನು 1 ಎಂದೇ ಓದಿಕೊಳ್ಳುತ್ತದೆ. ನಾಲ್ಕೂ ತೆರೆದಿದ್ದರೆ 1111, ಅಂದರೆ ಹದಿನೈದು. ಚಿಪ್ಪು ಸುಮ್ಮನಿದೆ, ಸತ್ತಿಲ್ಲ. ಡಿ ಪಿನ್ ಒಂದನ್ನು ತಂತಿಯಿಂದ ಗ್ರೌಂಡಿಗೆ ಮುಟ್ಟಿಸಿದರೆ ಸಂಕೇತ 0111 ಆಗಿ ಏಳನೇ ದೀಪ ಹತ್ತಿಕೊಳ್ಳಬೇಕು. ಹತ್ತಿದರೆ ಐಸಿ ಸರಿಯಿದೆ, ತಂತಿಗಳನ್ನು ನೋಡಿಕೊಳ್ಳಬೇಕು. ಇದೇ ಬಗೆಯ 74ಎಚ್‌ಸಿ42ರಲ್ಲಿ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಅದು ಸಿಮಾಸ್ ಚಿಪ್ಪು. ತೆರೆದ ಇನ್‌ಪುಟ್ ಯಾವ ಗಳಿಗೆಯಲ್ಲಿ ಏನಾಗಿರುತ್ತದೆಂದು ಹೇಳಲಾಗದು, ಬೆರಳು ಹತ್ತಿರ ತಂದರೂ ದೀಪ ಜಿಗಿಯಬಹುದು. ಅಲ್ಲಿ ಪ್ರತಿ ಇನ್‌ಪುಟ್ಟನ್ನೂ 5 ವೋಲ್ಟಿಗೋ ಗ್ರೌಂಡಿಗೋ ಕಟ್ಟಲೇಬೇಕು.

ಹತ್ತರಲ್ಲೊಂದು ಲೈನು ಆರಿಸುವುದಕ್ಕೆ ಬಿಬಿಸಿ ಮೈಕ್ರೊ ಕಂಪ್ಯೂಟರಿನ ಕೀಬೋರ್ಡಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಕಂಪನಿ 1981ರಲ್ಲಿ ಹೊರತಂದ ಈ ಯಂತ್ರ, 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಡಿ ಭಾರತದ ಶಾಲೆಗಳಿಗೂ ಬಂದಿತ್ತು. ಅದರ ಕೀಲಿಗಳು ಹತ್ತು ಕಂಬಸಾಲು, ಎಂಟು ಅಡ್ಡಸಾಲುಗಳ ಜಾಲದಲ್ಲಿವೆ. ಹತ್ತು ಕಂಬಸಾಲುಗಳನ್ನು ನಡೆಸುವುದು 7445 ಎಂಬ ಬಿಸಿಡಿ-ಡೆಸಿಮಲ್ ಡಿಕೋಡರ್. ಲೆಕ್ಕ 7442ರದ್ದೇ, ಆದರೆ ಔಟ್‌ಪುಟ್ ಓಪನ್ ಕಲೆಕ್ಟರ್ ಬಗೆಯದು. ಅಂದರೆ ಆಯ್ಕೆಯಾದ ಲೈನನ್ನು ಕೆಳಗೆಳೆಯುತ್ತದೆ, ಮಿಕ್ಕವನ್ನು ಮೇಲಕ್ಕೆ ತಳ್ಳದೆ ಸುಮ್ಮನೆ ಬಿಟ್ಟುಬಿಡುತ್ತದೆ. ಒಂದೇ ಅಡ್ಡಸಾಲಿನ ಎರಡು ಕೀಲಿಗಳನ್ನು ಯಾರಾದರೂ ಒಟ್ಟಿಗೆ ಒತ್ತಿದರೆ ಎರಡು ಕಂಬಸಾಲುಗಳು ಒಂದಕ್ಕೊಂದು ತಾಗುತ್ತವೆ. ಒಂದು ಔಟ್‌ಪುಟ್ ಕೆಳಗೆಳೆಯುವಾಗ ಇನ್ನೊಂದು ಮೇಲಕ್ಕೆ ತಳ್ಳುತ್ತಿದ್ದರೆ ಜಗಳವಾಗುತ್ತಿತ್ತು; ಇಲ್ಲಿ ಅದಕ್ಕೆ ಅವಕಾಶವೇ ಇಲ್ಲ.

ಡಿಕೋಡರಿಗೆ ಸಂಕೇತ ಉಣಿಸುವುದು 74ಎಲ್‌ಎಸ್163 ಎಂಬ ನಾಲ್ಕು ಬಿಟ್‌ಗಳ ಕೌಂಟರ್. ಸೆಕೆಂಡಿಗೆ ಹತ್ತು ಲಕ್ಷ ಸಲದಂತೆ ಎಣಿಸುತ್ತಾ ಅದು 0ಯಿಂದ 15ರವರೆಗೆ ಹೋಗಿ ಮತ್ತೆ 0ಗೆ ಬರುತ್ತದೆ. ಮೊದಲ ಹತ್ತು ಮೈಕ್ರೊಸೆಕೆಂಡುಗಳಲ್ಲಿ ಒಂದೊಂದೇ ಕಂಬಸಾಲು ಇಳಿಯುತ್ತದೆ. ಮುಂದಿನ ಆರರಲ್ಲಿ ಯಾವುದೂ ಇಲ್ಲ. ಒಂಬತ್ತಾದ ಮೇಲೆ ಸೊನ್ನೆಗೆ ತಿರುಗಿಸುವ ಗೇಟುಗಳನ್ನು ಕೌಂಟರಿನ ಸುತ್ತ ಕಟ್ಟುವ ಗೋಜೇ ಬೇಕಿಲ್ಲ. ತಪ್ಪು ಸಂಕೇತಕ್ಕೆ ಡಿಕೋಡರ್ ಸುಮ್ಮನಿರುತ್ತದೆಂಬ ಭರವಸೆ ಇರುವಾಗ ಆರು ಮೈಕ್ರೊಸೆಕೆಂಡ್ ಪೋಲಾದರೆ ಯಾವ ಬೆರಳಿಗೂ ಗೊತ್ತಾಗದು.

ಈ ಕೌಂಟರಿನ ನಾಲ್ಕೂ ಬಿಟ್‌ಗಳು ಒಂದೇ ಕ್ಲಾಕಿಗೆ ಒಟ್ಟಿಗೆ ಬದಲಾಗುತ್ತವೆ. ಒಂದು ಬಿಟ್ ಇನ್ನೊಂದನ್ನು ತಟ್ಟಿ ಎಬ್ಬಿಸುವ ರಿಪಲ್ ಕೌಂಟರ್ ಆಗಿದ್ದರೆ ಏಳರಿಂದ ಎಂಟಕ್ಕೆ ಹೋಗುವಾಗ 0111, 0110, 0100, 0000, 1000 ಎಂದು ಮೆಟ್ಟಿಲು ಮೆಟ್ಟಿಲಾಗಿ ದಾಟುತ್ತಿತ್ತು. ನಡುವೆ ಆರು, ನಾಲ್ಕು, ಸೊನ್ನೆಯ ಲೈನುಗಳು ನ್ಯಾನೊಸೆಕೆಂಡುಗಳ ಮಟ್ಟಿಗೆ ಸುಳ್ಳೇ ಆಯ್ಕೆಯಾಗುತ್ತಿದ್ದವು. ಎಲ್‌ಇಡಿಯಲ್ಲಿ ಅದು ಕಣ್ಣಿಗೆ ಬೀಳದು. ಆ ಲೈನು ಇನ್ನೊಂದು ಕೌಂಟರನ್ನೋ ಫ್ಲಿಪ್-ಫ್ಲಾಪನ್ನೋ ತಟ್ಟುವಂತಿದ್ದರೆ ಲೆಕ್ಕ ಕೆಡುತ್ತದೆ, ಆಸಿಲೋಸ್ಕೋಪ್ ಇಟ್ಟರೆ ಮಾತ್ರ ಸೂಜಿಮೊನೆಯಂಥ ಗೆರೆಗಳು ಕಾಣುತ್ತವೆ. ಡಿಕೋಡರ್ ಇಂಥದ್ದನ್ನು ತಡೆಯಲಾರದು, ಏಕೆಂದರೆ ಆ ಕ್ಷಣಿಕ ಸಂಕೇತಗಳೆಲ್ಲ ಅದರ ಪಾಲಿಗೆ ಸರಿಯಾದವೇ.

ಕೀಲಿ ಒತ್ತಿದಾಗ ಬಿಬಿಸಿ ಮೈಕ್ರೊ ಪ್ರೊಸೆಸರಿಗೆ ಸೂಚನೆ ಹೋಗುತ್ತದೆ. ಅದು ಕೌಂಟರಿನ ಓಟ ನಿಲ್ಲಿಸಿ, ತಾನೇ ಒಂದೊಂದು ಕಂಬಸಾಲಿನ ನಂಬರನ್ನು ನಾಲ್ಕು ಬಿಟ್‌ಗಳಲ್ಲಿ ಇಟ್ಟು, ಆಮೇಲೆ ಮೂರು ಬಿಟ್‌ಗಳಲ್ಲಿ ಅಡ್ಡಸಾಲನ್ನು ಕೇಳಿ ಕೀಲಿಯನ್ನು ಪತ್ತೆಹಚ್ಚುತ್ತದೆ. ಎರಡೂ ಸೇರಿ ಕೀಲಿಯ ಒಳನಂಬರ್ ಆಗುತ್ತದೆ. `A` ಕೀಲಿ ನಾಲ್ಕನೇ ಅಡ್ಡಸಾಲು, ಒಂದನೇ ಕಂಬಸಾಲಿನಲ್ಲಿದೆ. ಹದಿನಾರರ ಲೆಕ್ಕದಲ್ಲಿ ಅದರ ನಂಬರ್ `&41`, ಅಂದರೆ 65. ಬೇಸಿಕ್ ಭಾಷೆಯಲ್ಲಿ ಆ ಕೀಲಿ ಒತ್ತಿದೆಯೇ ಎಂದು ಕೇಳಲು `INKEY(-66)` ಎಂದು ಬರೆಯಬೇಕಿತ್ತು. ನಂಬರಿಗೆ ಒಂದು ಕೂಡಿಸಿ ಮೈನಸ್ ಹಾಕುವ ಪದ್ಧತಿ. ಸ್ಪೇಸ್ ಬಾರ್ `&62`, ಬಲಗಡೆಯ ಬಾಣ `&79`. ಈ ಪಟ್ಟಿಯನ್ನು ಪೂರ್ತಿ ಓದಿದರೆ ಬಲಗಡೆಯ ಅಂಕಿ 9 ದಾಟುವುದೇ ಇಲ್ಲ. ಪ್ರತಿ ಅಡ್ಡಸಾಲಿನ ಕೊನೆಯಲ್ಲಿ `A`ಯಿಂದ `F`ವರೆಗಿನ ಆರು ಜಾಗ ಖಾಲಿ.