ಹನ್ನೆರಡರಿಂದ ಐದಕ್ಕೆ: ಒಂದು ಇಂಡಕ್ಟರಿನ ಏರಿಳಿತದ ಲೆಕ್ಕ

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಬಕ್ ಮಾಡ್ಯೂಲ್ ಕೊಡಿ’ ಎಂದು ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ನೀಲಿ ಬೋರ್ಡು. ಅದರ ಮೇಲೆ LM2596 ಎಂದು ಬರೆದ ಐದು ಕಾಲಿನ ಐಸಿ, ಎರಡು ಕೆಪಾಸಿಟರ್, ಒಂದು ಡಯೋಡ್, ತಿರುಪಿ ವೋಲ್ಟೇಜ್ ಹೊಂದಿಸಲು ಒಂದು ಪ್ರಿಸೆಟ್ ಇರುತ್ತವೆ. ಇವೆಲ್ಲದರ ಪಕ್ಕದಲ್ಲಿ ಕಪ್ಪಗೆ, ದಪ್ಪಗೆ ಕೂತಿರುವುದು ಇಂಡಕ್ಟರ್. 12 ವೋಲ್ಟಿನ ಬ್ಯಾಟರಿಯಿಂದ 5 ವೋಲ್ಟ್ ಪಡೆದು ಮೊಬೈಲ್ ಚಾರ್ಜ್ ಮಾಡಲೋ ಯಾವುದೋ ಪ್ರಾಜೆಕ್ಟ್ ಓಡಿಸಲೋ ಜನ ಇದನ್ನು ಕೊಳ್ಳುತ್ತಾರೆ, ಪ್ರಿಸೆಟ್ ತಿರುಪುತ್ತಾರೆ, ಕೆಲಸ ಆಗುತ್ತದೆ. ಆ ಇಂಡಕ್ಟರಿನೊಳಗೆ ಕರೆಂಟು ಸೆಕೆಂಡಿಗೆ ಲಕ್ಷಾಂತರ ಸಲ ಏರಿ ಇಳಿಯುತ್ತಿರುತ್ತದೆ ಎಂಬುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಹೈಸ್ಕೂಲಿನ ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ವೋಲ್ಟೇಜ್ ಇಳಿಸುವ ಹಳೆಯ ದಾರಿ 7805 ಎಂಬ ಮೂರು ಕಾಲಿನ ಐಸಿ. ಬೇಡದ 7 ವೋಲ್ಟನ್ನು ಅದು ಶಾಖವಾಗಿ ಸುಟ್ಟುಬಿಡುತ್ತದೆ. 1 ಆಂಪಿಯರ್ ಎಳೆದರೆ ಉಪಯೋಗಕ್ಕೆ ಬರುವುದು 5 ವಾಟ್, ಹೀಟ್‌ಸಿಂಕ್ ಕಾಯಿಸುವುದು 7 ವಾಟ್. ಬಕ್ ಕನ್ವರ್ಟರ್ ಹೀಗೆ ಸುಡುವುದಿಲ್ಲ. ಒಳಗಿನ ಸ್ವಿಚ್ಚು 12 ವೋಲ್ಟನ್ನು ಇಂಡಕ್ಟರಿಗೆ ಒಂದು ಕ್ಷಣ ಜೋಡಿಸುತ್ತದೆ, ಮರುಕ್ಷಣ ಕಡಿಯುತ್ತದೆ. ಕಡಿದಾಗ ಇಂಡಕ್ಟರಿನ ಕರೆಂಟು ನಿಂತುಬಿಡದೆ ಡಯೋಡಿನ ಮೂಲಕ ಸುತ್ತು ಹಾಕಿ ಹರಿಯುತ್ತಲೇ ಇರುತ್ತದೆ. ಇಂಡಕ್ಟರಿನ ಸ್ವಭಾವ ಬೀಸುಕಲ್ಲಿನದು: ತಿರುಗಿಸಲು ಹಿಡಿದಾಗ ಕೂಡಲೇ ವೇಗ ಪಡೆಯುವುದಿಲ್ಲ, ಕೈ ಬಿಟ್ಟಾಗ ಕೂಡಲೇ ನಿಲ್ಲುವುದೂ ಇಲ್ಲ.

ಈ ಸ್ವಭಾವವನ್ನು ಲೆಕ್ಕಕ್ಕೆ ಇಳಿಸಿದರೆ ಇಡೀ ವಿಷಯಕ್ಕೆ ಬೇಕಾದ ಒಂದೇ ಸೂತ್ರ ಸಿಗುತ್ತದೆ:

ΔI = V × t ÷ L

ಇಂಡಕ್ಟರಿನ ಎರಡು ತುದಿಗಳ ನಡುವೆ V ವೋಲ್ಟ್ t ಹೊತ್ತು ಇದ್ದರೆ ಅದರ ಕರೆಂಟು ΔI ಆಂಪಿಯರ್‌ನಷ್ಟು ಬದಲಾಗುತ್ತದೆ. L ಎಂದರೆ ಇಂಡಕ್ಟನ್ಸ್. ಒಂದು ಅನುಕೂಲವೂ ಇದೆ: ಸಮಯವನ್ನು ಮೈಕ್ರೋಸೆಕೆಂಡಿನಲ್ಲೂ L ಅನ್ನು ಮೈಕ್ರೋಹೆನ್ರಿಯಲ್ಲೂ ಹಾಕಿದರೆ ಸೊನ್ನೆಗಳ ಗೋಜಿಲ್ಲದೆ ಉತ್ತರ ನೇರವಾಗಿ ಆಂಪಿಯರಿನಲ್ಲೇ ಬರುತ್ತದೆ.

ನಮ್ಮ ಬೋರ್ಡಿನ ಇಂಡಕ್ಟರಿನ ಮೇಲೆ 330 ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಅದು 330 ಮೈಕ್ರೋಹೆನ್ರಿ ಅಲ್ಲ. 33ರ ಮುಂದೆ ಸೊನ್ನೆಯೇನೂ ಇಲ್ಲ ಎಂಬುದು ಅದರ ಅರ್ಥ, ಅಂದರೆ 33 ಮೈಕ್ರೋಹೆನ್ರಿ. LM2596 ಸೆಕೆಂಡಿಗೆ ಒಂದೂವರೆ ಲಕ್ಷ ಸಲ, ಅಂದರೆ 150 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡುತ್ತದೆ. ಹಾಗಾಗಿ ಒಂದು ಸುತ್ತಿಗೆ ಸಿಗುವ ಸಮಯ 6.67 ಮೈಕ್ರೋಸೆಕೆಂಡ್. ಈ ಸುತ್ತಿನಲ್ಲಿ ಸ್ವಿಚ್ ಆನ್ ಇರುವ ಪಾಲೇ ಡ್ಯೂಟಿ ಸೈಕಲ್.

ಸ್ವಿಚ್ ಆನ್ ಆದಾಗ ಇಂಡಕ್ಟರಿನ ಒಂದು ತುದಿಯಲ್ಲಿ 12, ಇನ್ನೊಂದು ತುದಿಯಲ್ಲಿ 5. ನಡುವೆ 7 ವೋಲ್ಟ್, ಕರೆಂಟು ಏರುತ್ತದೆ. ಆಫ್ ಆದಾಗ ಡಯೋಡ್ ಮೊದಲ ತುದಿಯನ್ನು ಹೆಚ್ಚೂಕಡಿಮೆ ಸೊನ್ನೆಗೆ ತರುತ್ತದೆ, ಇನ್ನೊಂದು ತುದಿ 5ರಲ್ಲೇ ಇರುತ್ತದೆ. ಈಗ ನಡುವೆ 5 ವೋಲ್ಟ್, ಆದರೆ ತಿರುಗುಮುರುಗಾಗಿ, ಹಾಗಾಗಿ ಕರೆಂಟು ಇಳಿಯುತ್ತದೆ. ಲೋಡು ಬದಲಾಗದೆ ಎಲ್ಲವೂ ಸ್ಥಿರವಾಗಿ ಓಡುತ್ತಿದ್ದರೆ ಒಂದು ಸುತ್ತಿನಲ್ಲಿ ಏರಿದಷ್ಟೇ ಇಳಿಯಲೇಬೇಕು. ಪ್ರತಿ ಸುತ್ತಿನಲ್ಲೂ ಚೂರು ಉಳಿಯುತ್ತಾ ಹೋದರೆ ಸೆಕೆಂಡಿಗೆ ಒಂದೂವರೆ ಲಕ್ಷ ಚೂರು ಒಟ್ಟಾಗಿ ಏನಾದರೂ ಸುಟ್ಟುಹೋಗುತ್ತಿತ್ತು. ಆದ್ದರಿಂದ 7 × ಆನ್ ಸಮಯ = 5 × ಆಫ್ ಸಮಯ. 7 ವೋಲ್ಟ್ ಏರಿಸುವಾಗ 5 ಪಾಲು ಹೊತ್ತು, 5 ವೋಲ್ಟ್ ಇಳಿಸುವಾಗ 7 ಪಾಲು ಹೊತ್ತು. ಒಟ್ಟು 12 ಪಾಲಿನಲ್ಲಿ ಆನ್ ಇರುವುದು 5 ಪಾಲು. ಪಠ್ಯಪುಸ್ತಕಗಳು ಮೊದಲ ಸಾಲಿನಲ್ಲೇ ಬರೆದುಬಿಡುವ D = Vout ÷ Vin ಎಂಬ ಸೂತ್ರ ಹುಟ್ಟುವುದು ಇಲ್ಲೇ. ನಮ್ಮ ಲೆಕ್ಕಕ್ಕೆ ಅದು 5 ÷ 12, ಅಂದರೆ ಸುಮಾರು 42 ಶೇಕಡಾ. ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಏರಿಕೆ, ಇಳಿಕೆ ಸಮ ಎಂಬುದನ್ನು ಹಿಡಿದುಕೊಳ್ಳುವುದು ಮೇಲು. ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದೂ ಆಗ ತಾನಾಗಿ ತಿಳಿಯುತ್ತದೆ.

ಈಗ ರಿಪಲ್. ಆನ್ ಸಮಯ 6.67ರ 42 ಶೇಕಡಾ, ಅಂದರೆ 2.78 ಮೈಕ್ರೋಸೆಕೆಂಡ್. ಕರೆಂಟಿನ ಏರಿಕೆ 7 × 2.78 ÷ 33 = 0.59 ಆಂಪಿಯರ್. ಆಫ್ ಸಮಯ 3.89 ಮೈಕ್ರೋಸೆಕೆಂಡ್. ಇಳಿಕೆ 5 × 3.89 ÷ 33, ಅದೂ 0.59. ಎರಡೂ ತಾಳೆಯಾಗದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದೇ ಅರ್ಥ. ನೋಡಲು ಇದು ಗರಗಸದ ಹಲ್ಲಿನಂಥ ತ್ರಿಕೋನದ ಅಲೆ. ತುದಿಯಿಂದ ಬುಡಕ್ಕೆ ಇರುವ ಈ 0.59 ಆಂಪಿಯರೇ ಇಂಡಕ್ಟರಿನ ರಿಪಲ್ ಕರೆಂಟ್.

ಈ ಲೆಕ್ಕದಲ್ಲಿ ಲೋಡ್ ಎಷ್ಟು ಎಂಬ ಮಾತೇ ಬರಲಿಲ್ಲ. ಲೋಡು 1 ಆಂಪಿಯರ್ ಎಳೆಯಲಿ, 2 ಆಂಪಿಯರ್ ಎಳೆಯಲಿ, ತ್ರಿಕೋನದ ಎತ್ತರ ಅಷ್ಟೇ. ಅಲೆ ಒಟ್ಟಾರೆಯಾಗಿ ಮೇಲಕ್ಕೋ ಕೆಳಕ್ಕೋ ಜರುಗುತ್ತದೆ, ಅಷ್ಟೆ. ಲೋಡಿಗೆ ಸಿಗುವುದು ಅಲೆಯ ನಡುಮಟ್ಟ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. 2 ಆಂಪಿಯರಿನ ಲೋಡಿಗೆ 2 ಆಂಪಿಯರಿನ ಇಂಡಕ್ಟರ್ ಸಾಕು ಎಂದುಕೊಳ್ಳುತ್ತಾರೆ. ಆದರೆ ಕರೆಂಟು 1.7ರಿಂದ 2.3ರವರೆಗೆ ಓಲಾಡುತ್ತಿರುತ್ತದೆ. ಇಂಡಕ್ಟರ್ ತಾಳಬೇಕಾದದ್ದು ಆ 2.3ನ್ನು. ತಾಳದಿದ್ದರೆ ಒಳಗಿನ ಫೆರೈಟ್ ಸ್ಯಾಚುರೇಟ್ ಆಗುತ್ತದೆ. ಆಗ 33 ಮೈಕ್ರೋಹೆನ್ರಿ ಎಂಬುದು ಹೆಸರಿಗೆ ಮಾತ್ರ. L ಕುಸಿದಂತೆ ಅದೇ 7 ವೋಲ್ಟ್ ಕರೆಂಟನ್ನು ಇನ್ನಷ್ಟು ಜೋರಾಗಿ ಏರಿಸುತ್ತದೆ. ಕರೆಂಟ್ ಪ್ರೋಬ್ ಹಾಕಿ ಆಸಿಲೋಸ್ಕೋಪಿನಲ್ಲಿ ನೋಡಿದರೆ ನೇರವಾಗಿ ಏರಬೇಕಾದ ಗೆರೆ ಕೊನೆಯಲ್ಲಿ ಮೇಲಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ. ಬೇರೆ ಸಾಕ್ಷಿ ಬೇಕಿಲ್ಲ.

ಲೋಡು ತೀರಾ ಕಡಿಮೆಯಾದರೂ ಚಿತ್ರ ಬದಲಾಗುತ್ತದೆ. ರಿಪಲ್ಲಿನ ಅರ್ಧ ಸುಮಾರು 0.3 ಆಂಪಿಯರ್. ಲೋಡು ಅದಕ್ಕಿಂತ ಕೆಳಗಿಳಿದರೆ ಅಲೆಯ ಬುಡ ಸೊನ್ನೆಗೆ ತಾಗುತ್ತದೆ. ಡಯೋಡ್ ಹಿಮ್ಮುಖವಾಗಿ ಹರಿಯಲು ಬಿಡದ ಕಾರಣ ಕರೆಂಟು ಸುತ್ತಿನ ಉಳಿದ ಹೊತ್ತು ಸೊನ್ನೆಯಲ್ಲೇ ಕೂರುತ್ತದೆ. 5 ÷ 12 ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 0.1 ಆಂಪಿಯರ್ ಲೋಡಿಗೆ ಡ್ಯೂಟಿ ಸೈಕಲ್ 24 ಶೇಕಡಾದ ಆಸುಪಾಸಿಗೆ ಇಳಿಯುತ್ತದೆ. ಆಸಿಲೋಸ್ಕೋಪಿನಲ್ಲಿ 42ರ ಬದಲು 24 ಕಂಡರೆ ಬೋರ್ಡು ಕೆಟ್ಟಿದೆ ಎಂದು ಎಸೆಯಬೇಕಿಲ್ಲ.

ಇಷ್ಟರವರೆಗೆ ಸ್ವಿಚ್ಚು, ಡಯೋಡು ಏನನ್ನೂ ನುಂಗುವುದಿಲ್ಲ ಎಂದುಕೊಂಡೆವು. LM2596ರ ಒಳಗಿರುವುದು ಹಳೆಯ ಕಾಲದ ಬೈಪೋಲಾರ್ ಟ್ರಾನ್ಸಿಸ್ಟರ್. 2 ಆಂಪಿಯರಿನಲ್ಲಿ ಅದಕ್ಕೆ 1 ವೋಲ್ಟ್, ಶಾಟ್ಕಿ ಡಯೋಡಿಗೆ ಅರ್ಧ ವೋಲ್ಟ್ ಎಂದು ಹಿಡಿಯೋಣ. ಆಗ ಏರಿಸುವುದು 6 ವೋಲ್ಟ್, ಇಳಿಸುವುದು 5.5 ವೋಲ್ಟ್. ಮತ್ತೆ ಅದೇ ಸಮತೋಲ: ಒಟ್ಟು 11.5 ಪಾಲಿನಲ್ಲಿ ಆನ್ 5.5 ಪಾಲು, ಅಂದರೆ ಸುಮಾರು 48 ಶೇಕಡಾ. ಡ್ಯೂಟಿ ಸೈಕಲ್ ಇಷ್ಟು ಸರಿದರೂ ರಿಪಲ್ ಮಾತ್ರ 6 × 3.19 ÷ 33 = 0.58, ಬಹುತೇಕ ಮೊದಲಿನಷ್ಟೇ. ಹಾಗಾಗಿ ಇಂಡಕ್ಟರ್ ಆರಿಸುವಾಗ ಮೊದಲಿನ ಸರಳ ಲೆಕ್ಕವೇ ಸಾಕು ಎಂಬುದು ನನ್ನ ಅಭಿಪ್ರಾಯ. ಡ್ಯೂಟಿ ಸೈಕಲ್ ಅಳೆದು ಹೋಲಿಸುವಾಗ ಮಾತ್ರ ಈ ನಷ್ಟಗಳನ್ನು ಸೇರಿಸಿಕೊಳ್ಳಬೇಕು.

ಇಂಡಕ್ಟರ್ ಆರಿಸುವುದೆಂದರೆ ಇದೇ ಲೆಕ್ಕವನ್ನು ಹಿಂದಿನಿಂದ ಮಾಡುವುದು. ರಿಪಲ್ಲು ಲೋಡ್ ಕರೆಂಟಿನ ಸುಮಾರು 30 ಶೇಕಡಾ ಇರಲಿ ಎಂಬುದು ವಿನ್ಯಾಸಕಾರರ ವಾಡಿಕೆ. 2 ಆಂಪಿಯರಿಗೆ ಅದು 0.6. ಇಳಿಕೆಯ ಕಡೆಯಿಂದ ಲೆಕ್ಕ ಹಾಕಿದರೆ L = 5 × 3.89 ÷ 0.6 = 32.4. ಮಾರುಕಟ್ಟೆಯಲ್ಲಿ ಸಿಗುವ ಹತ್ತಿರದ ಬೆಲೆ 33. ರಿಪಲ್ ಇನ್ನೂ ಕಡಿಮೆ ಮಾಡಲು ಹೊರಟರೆ ದೊಡ್ಡ ಇಂಡಕ್ಟರ್ ಬೇಕು, ಅದರ ತಂತಿ ಉದ್ದ, ದುಡ್ಡೂ ಹೆಚ್ಚು. ಜಾಸ್ತಿ ಬಿಟ್ಟರೆ ಔಟ್‌ಪುಟ್ ಕೆಪಾಸಿಟರಿಗೆ ಹೊರೆ. ಅದರೊಳಗಿನ ರೋಧ 0.1 ಓಮ್ ಇದ್ದರೂ 0.6 ಆಂಪಿಯರಿನ ರಿಪಲ್ 60 ಮಿಲಿವೋಲ್ಟಿನ ಏರಿಳಿತವಾಗಿ ಔಟ್‌ಪುಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಇಳಿಕೆಯ ಕಡೆಯಿಂದ ಲೆಕ್ಕ ಹಾಕಿದ್ದಕ್ಕೆ ಕಾರಣವಿದೆ. ಇಳಿಸುವ ವೋಲ್ಟೇಜ್ ಯಾವಾಗಲೂ 5. ಬದಲಾಗುವುದು ಆಫ್ ಸಮಯ ಒಂದೇ. ಇದೇ ಬೋರ್ಡಿಗೆ ಲಾರಿಯ 24 ವೋಲ್ಟ್ ಕೊಟ್ಟರೆ ಡ್ಯೂಟಿ ಸೈಕಲ್ 21 ಶೇಕಡಾಕ್ಕೆ ಇಳಿದು ಆಫ್ ಸಮಯ 5.28 ಮೈಕ್ರೋಸೆಕೆಂಡಿಗೆ ಹಿಗ್ಗುತ್ತದೆ. ರಿಪಲ್ 5 × 5.28 ÷ 33 = 0.8 ಆಂಪಿಯರ್. ಔಟ್‌ಪುಟ್ ಅದೇ, ಲೋಡು ಅದೇ, ಇಂಡಕ್ಟರಿನ ಪಾಡು ಮಾತ್ರ ಬೇರೆ. ಇನ್‌ಪುಟ್ ಏರಿಳಿಯುವ ಕಡೆ ಅತಿ ಹೆಚ್ಚಿನ ಇನ್‌ಪುಟ್ ವೋಲ್ಟೇಜಿಗೇ ಇಂಡಕ್ಟರಿನ ಲೆಕ್ಕ ಹಾಕಬೇಕು.

ಸಮಯ ಹಿಗ್ಗಲು ಇನ್ನೊಂದು ಕಾರಣವೂ ಇದೆ, ಅದು ಅಂಗಡಿಯಲ್ಲೇ ಜೊತೆಗೆ ಬಂದಿರುತ್ತದೆ. ಅಗ್ಗದ ಬೋರ್ಡುಗಳಲ್ಲಿ ಕೆಲವು ಸಲ LM2596 ಎಂಬ ಮುದ್ರೆಯ ಕೆಳಗೆ ಸುಮಾರು 50 ಕಿಲೋಹರ್ಟ್ಸ್‌ನಲ್ಲಿ ಓಡುವ ಐಸಿ ಇರುತ್ತದೆ. ಇದೇ ಕುಟುಂಬದ ಹಳೆಯ LM2576ರ ವೇಗ 52 ಕಿಲೋಹರ್ಟ್ಸ್. ಆ ವೇಗದಲ್ಲಿ ಒಂದು ಸುತ್ತಿಗೆ 19.2 ಮೈಕ್ರೋಸೆಕೆಂಡ್. ಡ್ಯೂಟಿ ಸೈಕಲ್ ಬದಲಾಗುವುದಿಲ್ಲ, ಆದ್ದರಿಂದ ಔಟ್‌ಪುಟ್ಟಿನಲ್ಲಿ ಮಲ್ಟಿಮೀಟರ್ 5 ವೋಲ್ಟನ್ನೇ ತೋರಿಸುತ್ತದೆ, ಏನೂ ಅನುಮಾನ ಬರುವುದಿಲ್ಲ. ಆದರೆ ಆನ್ ಸಮಯ ಈಗ 8 ಮೈಕ್ರೋಸೆಕೆಂಡ್. ರಿಪಲ್ 7 × 8 ÷ 33 = 1.7 ಆಂಪಿಯರ್, ಸುಮಾರು ಮೂರು ಪಟ್ಟು. 2 ಆಂಪಿಯರ್ ಲೋಡಿನಲ್ಲಿ ಕರೆಂಟಿನ ತುದಿ 2.85ಕ್ಕೆ ಮುಟ್ಟುತ್ತದೆ. ಇಂಡಕ್ಟರ್ ಕೈ ಸುಡುವಷ್ಟು ಕಾಯುವುದು, ಔಟ್‌ಪುಟ್‌ನಲ್ಲಿ ಗದ್ದಲ ಹೆಚ್ಚುವುದು ಇದರ ಲಕ್ಷಣಗಳು.

ಪತ್ತೆ ಮಾಡುವುದು ಕಷ್ಟವಿಲ್ಲ. ಔಟ್‌ಪುಟ್ಟಿಗೆ 4.7 ಓಮ್, 10 ವಾಟಿನ ರೆಸಿಸ್ಟರ್ ಕಟ್ಟಿ ಸುಮಾರು 1 ಆಂಪಿಯರ್ ಎಳೆಯಿರಿ. ರೆಸಿಸ್ಟರ್ ಚೆನ್ನಾಗಿ ಕಾಯುತ್ತದೆ, ಮುಟ್ಟಬೇಡಿ. ಲೋಡಿಲ್ಲದೆ ಅಳೆದರೆ ಕರೆಂಟು ಸೊನ್ನೆಗೆ ತಾಗಿದ ಹೊತ್ತಿನ ಅಲುಗಾಟವನ್ನೂ ಮೀಟರ್ ಎಣಿಸಿ ದಾರಿ ತಪ್ಪಿಸಬಹುದು. ಆಮೇಲೆ ಫ್ರೀಕ್ವೆನ್ಸಿ ಅಳೆಯಬಲ್ಲ ಮಲ್ಟಿಮೀಟರನ್ನೋ ಆಸಿಲೋಸ್ಕೋಪನ್ನೋ ಐಸಿಯ ಎರಡನೇ ಕಾಲಿಗೆ, ಅಂದರೆ ಇಂಡಕ್ಟರಿನ ಮೊದಲ ತುದಿ ಸೇರುವ ಜಾಗಕ್ಕೆ, ಮುಟ್ಟಿಸಿ. 150ರ ಹತ್ತಿರ ಬಂದರೆ ಮೇಲಿನ ಲೆಕ್ಕವೆಲ್ಲ ಹಾಗೇ ನಡೆಯುತ್ತದೆ. 50ರ ಹತ್ತಿರ ಬಂದರೆ 33ರ ಜಾಗದಲ್ಲಿ 100 ಮೈಕ್ರೋಹೆನ್ರಿಯ, 3 ಆಂಪಿಯರ್ ತಾಳುವ ಇಂಡಕ್ಟರನ್ನು ಬೆಸುಗೆ ಹಾಕಬೇಕು, ಇಲ್ಲವೇ ಆ ಬೋರ್ಡನ್ನು 1 ಆಂಪಿಯರಿನೊಳಗಿನ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಬೇಕು.