‘ವಿಷಾದಿಸುತ್ತೇವೆ’ ಅಂದರೆ ಸಾಲದು: ಒಂದು ಆ್ಯಪ್ ಸೂಚನೆಯನ್ನು ತಿದ್ದಿ ಬರೆದದ್ದು

“ಪ್ರಿಯ ಬಳಕೆದಾರರೇ, ತಾಂತ್ರಿಕ ಕಾರಣಗಳಿಂದ ಕೆಲವು ಬಳಕೆದಾರರಿಗೆ ಸೇವೆಯಲ್ಲಿ ವ್ಯತ್ಯಯ ಉಂಟಾಗಿರಬಹುದು. ಸಮಸ್ಯೆಯನ್ನು ಪರಿಹರಿಸಲಾಗಿದೆ. ಅನನುಕೂಲಕ್ಕೆ ವಿಷಾದಿಸುತ್ತೇವೆ.”

ಇದು ನನ್ನ ಮಾಮು ಅವರ ಕಿರಾಣಿ ಅಂಗಡಿಯ ಫೋನಿಗೆ ಒಂದು ಭಾನುವಾರ ಬೆಳಿಗ್ಗೆ ಬಂದ ಸೂಚನೆ. ಉದ್ರಿ ಲೆಕ್ಕ ಬರೆದಿಡುವ ಒಂದು ಸಣ್ಣ ಆ್ಯಪ್ ಅದು. ನಮ್ಮೂರಿನವರೇ ಇಬ್ಬರು ಸೇರಿ ನಡೆಸುತ್ತಾರೆ. ಹಿಂದಿನ ದಿನ ಸಂಜೆ, ಅಂಗಡಿಯಲ್ಲಿ ಜನ ತುಂಬಿದ್ದ ಹೊತ್ತಿನಲ್ಲೇ, ಅದು ಕೆಲಸ ನಿಲ್ಲಿಸಿತ್ತು. ಮಾಮು ಮನೆಯಲ್ಲಿ ಉರ್ದು ಮಾತಾಡಿದರೂ ಕನ್ನಡ ಚೆನ್ನಾಗಿ ಓದುತ್ತಾರೆ. ಸೂಚನೆಯನ್ನು ಎರಡು ಸಲ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: “ನಿನ್ನೆ ಸಂಜೆಯದನ್ನು ಮತ್ತೆ ಬರೆಯಬೇಕೋ ಬೇಡವೋ?”

ಅದಕ್ಕೆ ಆ ಮೂರು ಸಾಲುಗಳಲ್ಲಿ ಉತ್ತರವೇ ಇಲ್ಲ. ಪೇಪರಿನಲ್ಲಿ ಬರುವ ಕರೆಂಟ್ ಕಂಪನಿಯ ಪ್ರಕಟಣೆ ಇದಕ್ಕಿಂತ ಎಷ್ಟೋ ವಾಸಿ. ಯಾವ ಬಡಾವಣೆಯಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ಅದು ಹೇಳುತ್ತದೆ. ಓದಿದವರು ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ.

ಮಾಮು ಅವರ ಪ್ರಶ್ನೆ ಸಣ್ಣದಲ್ಲ. ಒಬ್ಬ ಗ್ರಾಹಕರ ಹಳೆಯ ಬಾಕಿ 1,260 ರೂಪಾಯಿ ಎಂದಿಟ್ಟುಕೊಳ್ಳಿ. ಶನಿವಾರ ಸಂಜೆ 7:20ಕ್ಕೆ ಅವರು 340 ರೂಪಾಯಿ ಸಾಮಾನು ಒಯ್ದರು. ಈಗ ಬಾಕಿ 1,600 ಆಗಬೇಕು. ಆದರೆ ಆ್ಯಪ್ ಇನ್ನೂ 1,260 ಎಂದೇ ತೋರಿಸುತ್ತಿದೆ. ಬರೆದದ್ದು ಹೋಯಿತು ಎಂದುಕೊಂಡು ಮತ್ತೆ ಬರೆದರೆ, ಆಮೇಲೆ ಎರಡೂ ಸೇರಿ 1,940 ಆಗುತ್ತದೆ. ನಿಜವಾಗಿಯೂ ಹೋಗಿದ್ದು, ಬರೆಯದೆ ಬಿಟ್ಟರೆ ಅಂಗಡಿಗೆ 340 ನಷ್ಟ. ಎರಡು ಸಲ ಬರೆದದ್ದು ಇನ್ನೂ ಅಪಾಯ, ಏಕೆಂದರೆ ಅದು ಕಣ್ಣಿಗೆ ಬೀಳುವುದಿಲ್ಲ. ಒಂದು ವ್ಯವಹಾರವನ್ನು ಪೂರ್ತಿಯಾಗಿ ಎರಡು ಸಲ ದಾಖಲಿಸಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಿಯೇ ಇರುತ್ತದೆ ಎಂದು ನಾವು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ, ಹಾಗೆಯೇ. ಗೊತ್ತಾಗುವುದು ತಿಂಗಳ ಕೊನೆಗೆ, ಗ್ರಾಹಕರಿಗೆ 1,940 ಕೊಡಿ ಎಂದು ಮೆಸೇಜ್ ಹೋಗಿ ಜಗಳ ಆದಾಗ.

ಆ್ಯಪ್ ನಡೆಸುವವರಲ್ಲಿ ಒಬ್ಬರು ನನ್ನ ಅಣ್ಣನ ಸಹಪಾಠಿ. ಅವರಿಗೆ ಫೋನ್ ಮಾಡಿ, ಏನಾಯಿತೆಂದು ವಿವರವಾಗಿ ಹೇಳಿದರೆ ಸೂಚನೆಯನ್ನು ನಾನೇ ತಿದ್ದಿ ಬರೆದುಕೊಡುತ್ತೇನೆ ಎಂದೆ. ಪಾಪ, ಬೇಸರಿಸದೆ ಹೇಳಿದರು.

ಸರ್ವರ್ ತಾನು ಮಾಡುವ ಪ್ರತಿ ಕೆಲಸವನ್ನೂ ಒಂದು ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಹಳೆಯ ಲಾಗ್ ಅಳಿಸುವ ಏರ್ಪಾಡು ಇರಲಿಲ್ಲ. ಅದು ಬೆಳೆದು ಬೆಳೆದು ಶನಿವಾರ 7:05ಕ್ಕೆ ಡಿಸ್ಕ್ ಪೂರ್ತಿ ತುಂಬಿತು. ತುಂಬಿದ ಡಿಸ್ಕ್‌ನಿಂದ ಹಳೆಯದನ್ನು ಓದಬಹುದು, ಹೊಸದನ್ನು ಬರೆಯಲಾಗದು. ಅದಕ್ಕೇ ಹಳೆಯ ಬಾಕಿ ಸರಿಯಾಗಿ ಕಾಣುತ್ತಿತ್ತು, ಹೊಸ ಲೆಕ್ಕ ಮಾತ್ರ ಸೇರುತ್ತಿರಲಿಲ್ಲ. ಆ ಹೊಸ ಲೆಕ್ಕಗಳು ಆಯಾ ಫೋನಿನಲ್ಲೇ ಕಾಯುತ್ತಾ ಕುಳಿತಿದ್ದವು, ಪಕ್ಕದಲ್ಲಿ ಸಣ್ಣ ಗಡಿಯಾರದ ಗುರುತಿನೊಂದಿಗೆ.

9:20ಕ್ಕೆ ಜಾಗ ಮಾಡಿ ಸರ್ವರ್ ಎಬ್ಬಿಸಿದರು. ಆಗ ಎಲ್ಲ ಅಂಗಡಿಗಳ ಫೋನುಗಳೂ ಕಾಯುತ್ತಿದ್ದ ಲೆಕ್ಕವನ್ನು ಒಮ್ಮೆಲೇ ಕಳಿಸಿದವು. ಸರ್ವರ್ ಬರೆದುಕೊಂಡಿತು, ಆದರೆ ‘ಸೇರಿತು’ ಎಂಬ ಉತ್ತರ ಕೊಡಲು ತಡಮಾಡಿತು. ಉತ್ತರ ಬಾರದ ಫೋನುಗಳು ಅದನ್ನೇ ಮತ್ತೆ ಕಳಿಸಿದವು. ಹೀಗೆ ಕೆಲವು ಲೆಕ್ಕ ಎರಡು ಸಲ ಸೇರಿತು. ಸುಮಾರು 9:40ರ ಹೊತ್ತಿಗೆ ನೂಕುನುಗ್ಗಲು ತಣ್ಣಗಾಯಿತು.

ಇಷ್ಟು ಕೇಳಿದ ಮೇಲೆ ‘ಸಮಸ್ಯೆಯನ್ನು ಪರಿಹರಿಸಲಾಗಿದೆ’ ಎಂಬುದು ಅರ್ಧ ಸತ್ಯ ಎಂದು ತಿಳಿಯಿತು. ಡಿಸ್ಕ್ ಸರಿಯಾಗಿದೆ, ಜೋಡಿ ಲೆಕ್ಕಗಳು ಹಾಗೇ ಇವೆ. ಹಳೆಯ ಲೆಕ್ಕ ಕಳೆದಿಲ್ಲವೆಂದು ಹೇಗೆ ಗೊತ್ತು ಎಂದೂ ಕೇಳಿದೆ. ಶುಕ್ರವಾರ ರಾತ್ರಿಯ ಬ್ಯಾಕಪ್ ಜೊತೆ ತಾಳೆ ನೋಡಿದ್ದೇವೆ ಎಂದರು. ಅದಾದ ಮೇಲೇ ಆ ವಾಕ್ಯ ಬರೆದೆ. ಕೊನೆಗೆ ಹೋದ ಸೂಚನೆ ಇದು:

“ಶನಿವಾರ ಸಂಜೆಯ ಲೆಕ್ಕವನ್ನು ಮತ್ತೆ ಬರೆಯಬೇಡಿ. ಆ್ಯಪ್ ಅಳಿಸಬೇಡಿ.

ಶನಿವಾರ, 14ನೇ ತಾರೀಖು ಸಂಜೆ 7:05ರಿಂದ ರಾತ್ರಿ 9:20ರವರೆಗೆ ನೀವು ಬರೆದ ಲೆಕ್ಕ ನಮ್ಮ ಸರ್ವರ್‌ಗೆ ಸೇರಲಿಲ್ಲ. ಸರ್ವರ್‌ನ ಡಿಸ್ಕ್ ತುಂಬಿತ್ತು, ಅದು ನಮ್ಮ ಕಡೆಯ ತಪ್ಪು. ಈಗ ಜಾಗ ಮಾಡಿದ್ದೇವೆ, 9:20ರಿಂದ ಲೆಕ್ಕ ಸೇರುತ್ತಿದೆ. ಅದಕ್ಕೂ ಹಿಂದಿನ ಲೆಕ್ಕ ಯಾವುದೂ ಕಳೆದಿಲ್ಲ.

ಗಡಿಯಾರದ ಗುರುತು ಇರುವ ಲೆಕ್ಕ ಇನ್ನೂ ನಿಮ್ಮ ಫೋನಿನಲ್ಲೇ ಇದೆ. ಇಂಟರ್ನೆಟ್ ಆನ್ ಮಾಡಿ ಆ್ಯಪ್ ತೆರೆದಿಡಿ, ತಾನಾಗಿ ಸೇರುತ್ತದೆ. ಅದರ ಸಮಯ 9:20ರ ನಂತರದ್ದೆಂದು ಕಾಣುತ್ತದೆ.

ಇನ್ನೂ ಸರಿಯಾಗದ್ದು: ಕೆಲವು ಲೆಕ್ಕ ಎರಡು ಸಲ ಸೇರಿದೆ. ಅಂಥವಕ್ಕೆ ಸೋಮವಾರ ಸಂಜೆ 6ರೊಳಗೆ ಹಳದಿ ಗುರುತು ಹಾಕುತ್ತೇವೆ. ನಾವಾಗಿ ಯಾವುದನ್ನೂ ಅಳಿಸುವುದಿಲ್ಲ, ನೀವೇ ನೋಡಿ ತೆಗೆಯಿರಿ. ಅಲ್ಲಿಯವರೆಗೆ ಗ್ರಾಹಕರಿಗೆ ಬಾಕಿ ಮೆಸೇಜ್ ಹೋಗದಂತೆ ನಿಲ್ಲಿಸಿದ್ದೇವೆ. ಸೋಮವಾರ ಸಂಜೆ ಮತ್ತೆ ತಿಳಿಸುತ್ತೇವೆ.”

‘ಮತ್ತೆ ಬರೆಯಬೇಡಿ’ ಮೊದಲ ಸಾಲಿಗೆ ಬಂದದ್ದು ಏಕೆಂದರೆ, ಲಾಕ್ ಆಗಿರುವ ಫೋನಿನಲ್ಲಿ ಸೂಚನೆಯ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಅಂಗಡಿಯಲ್ಲಿ ಕೈ ಬಿಡುವಿಲ್ಲದವರು ಅಷ್ಟನ್ನೇ ಓದುವುದು. ‘ಅಳಿಸಬೇಡಿ’ ಕೂಡ ಅಲ್ಲೇ ಇರಬೇಕಿತ್ತು. ಆ್ಯಪ್ ಕೆಟ್ಟರೆ ನಾವೆಲ್ಲ ಮಾಡುವ ಮನೆಮದ್ದು ಅಳಿಸಿ ಮತ್ತೆ ಹಾಕಿಕೊಳ್ಳುವುದು ತಾನೆ? ಹಾಗೆ ಮಾಡಿದ್ದರೆ ಫೋನಿನಲ್ಲಿ ಕಾಯುತ್ತಿದ್ದ ಲೆಕ್ಕ ಅದರ ಜೊತೆಗೇ ಹೋಗುತ್ತಿತ್ತು. ‘ನಿನ್ನೆ’ ಎನ್ನದೆ ತಾರೀಖು ಹಾಕಿದ್ದು, ಮೂರು ದಿನ ಬಿಟ್ಟು ನೋಡುವವರಿಗಾಗಿ.

ಒಂದು ವಾಕ್ಯದ ಬಗ್ಗೆ ಅವರಿಗೂ ನನಗೂ ಸ್ವಲ್ಪ ವಾದ ನಡೆಯಿತು. “ಇನ್ನು ಮುಂದೆ ಹೀಗಾಗುವುದಿಲ್ಲ” ಎಂದು ಸೇರಿಸಲು ಅವರಿಗೆ ಇಷ್ಟ. ಅದನ್ನು ಯಾರು ಖಾತರಿ ಕೊಡಬಲ್ಲರು? ಮಾಡುವ ಕೆಲಸವನ್ನೇ ಹೇಳಿ ಎಂದೆ. ಹಳೆಯ ಲಾಗ್ ತಾನಾಗಿ ಅಳಿಸುವಂತೆ, ಡಿಸ್ಕ್ ಶೇ. 80 ತುಂಬಿದೊಡನೆ ತಮ್ಮ ಫೋನಿಗೆ ಎಚ್ಚರಿಕೆ ಬರುವಂತೆ ಆ ರಾತ್ರಿಯೇ ಮಾಡಿದ್ದರಂತೆ. ಜೋಡಿ ಲೆಕ್ಕ ತಡೆಯಲು, ಪ್ರತಿ ಲೆಕ್ಕಕ್ಕೂ ಫೋನಿನಲ್ಲೇ ಒಂದು ನಂಬರ್ ಬೀಳುವಂತೆ, ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡುವಂತೆ ಬದಲಿಸುತ್ತಿದ್ದರು. ಅದು ಮುಗಿದಿರಲಿಲ್ಲ. ಹಾಗಾಗಿ ಅದು ಸೋಮವಾರದ ಸೂಚನೆಗೆ ಹೋಯಿತು, ‘ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತದೆ, ಬಂದಾಗ ತಿಳಿಸುತ್ತೇವೆ’ ಎಂದು.

ಜೋಡಿಗಳನ್ನು ಅವರೇ ಅಳಿಸಿಬಿಟ್ಟಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಸೋಮವಾರ ಸಂಜೆ ಮಾಮು ಅವರ ಖಾತೆಯಲ್ಲಿ ಮೂರು ಜೋಡಿಗೆ ಹಳದಿ ಗುರುತು ಬಿತ್ತು. ಎರಡರಲ್ಲಿ ಒಂದೊಂದನ್ನು ತೆಗೆದರು. ಮೂರನೆಯದು ಒಂದೇ ಮನೆಯ ಹೆಸರಿನಲ್ಲಿ 45 ರೂಪಾಯಿ, 45 ರೂಪಾಯಿ. ಆ ಮನೆಯ ಹುಡುಗ ಚಹಾಪುಡಿ ಒಯ್ದು, ನೆಂಟರು ಬಂದಿದ್ದಾರೆಂದು ಅರ್ಧ ಗಂಟೆಯಲ್ಲಿ ಮತ್ತೊಂದು ಪೊಟ್ಟಣಕ್ಕೆ ಬಂದಿದ್ದ. ಅದು ಮಾಮುಗೆ ನೆನಪಿತ್ತು, ಸರ್ವರ್‌ಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಎರಡನ್ನೂ ಹಾಗೇ ಉಳಿಸಿಕೊಂಡರು.