ಹಳೆಯ ಬಿಲ್ಲಿನಲ್ಲಿ ಹೊಸ ವಿಳಾಸ

ಬೆಂಗಳೂರಿನ ಆನ್‌ಲೈನ್ ಅಂಗಡಿಯೊಂದರಿಂದ ಧಾರವಾಡದ ಸಾವಿತ್ರಿ ಎಂಬವರು ಮಿಕ್ಸಿ ತರಿಸಿಕೊಂಡರು ಎಂದುಕೊಳ್ಳೋಣ. ಸರಕು ರಾಜ್ಯದೊಳಗೇ ಸಾಗಿದ್ದರಿಂದ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ತೆರಿಗೆ ಎರಡು ಪಾಲಾಯಿತು. ಕೆಲವು ತಿಂಗಳ ಮೇಲೆ ಅವರು ಪುಣೆಗೆ ಮನೆ ಬದಲಿಸಿ, ಅಂಗಡಿಯ ಆ್ಯಪ್‌ನಲ್ಲಿ ವಿಳಾಸ ತಿದ್ದಿದರು. ಮಿಕ್ಸಿ ಕೆಟ್ಟಾಗ ವಾರಂಟಿಗೆಂದು ಹಳೆಯ ಬಿಲ್ಲು ತೆಗೆದು ನೋಡಿದರೆ ಅದರಲ್ಲೂ ಪುಣೆಯ ವಿಳಾಸ! ಪುಣೆಗೆ ಹೋದ ಸರಕಿಗೆ ಐಜಿಎಸ್‌ಟಿ ಬೀಳಬೇಕು. ಸರಿಯಾಗಿಯೇ ಹಾಕಿದ್ದ ತೆರಿಗೆ ಈಗ ಲೆಕ್ಕ ತಪಾಸಣೆಗೆ ಬಂದವರ ಕಣ್ಣಿಗೆ ತಪ್ಪಾಗಿ ಕಾಣುತ್ತದೆ.

ಎಡವಟ್ಟು ಆದದ್ದು ಇಲ್ಲಿ: ಪ್ರೋಗ್ರಾಂ ಬರೆದವರು ವಿಳಾಸಕ್ಕೂ ಒಂದು ಐಡಿ ಕೊಟ್ಟು, ಅದೊಂದೇ ದಾಖಲೆಯನ್ನು ಸಾವಿತ್ರಿಯವರ ಖಾತೆಗೂ ಆರ್ಡರಿಗೂ ಹಂಚಿದ್ದರು. ಒಂದು ಕಡೆ ತಿದ್ದಿದ್ದು ಎರಡೂ ಕಡೆ ತಿದ್ದಿಹೋಯಿತು.

ಎರಿಕ್ ಇವಾನ್ಸ್ 2003ರಲ್ಲಿ ಪ್ರಕಟಿಸಿದ 'ಡೊಮೈನ್ ಡ್ರಿವನ್ ಡಿಸೈನ್' ಪುಸ್ತಕ ಇಂಥ ಕಡೆ ಎರಡು ಬಗೆಯ ವಸ್ತುಗಳನ್ನು ಬೇರ್ಪಡಿಸುತ್ತದೆ. ಒಂದು ಎಂಟಿಟಿ. ಸಾವಿತ್ರಿಯವರು ಊರು, ಫೋನ್ ನಂಬರ್, ಹೆಸರನ್ನು ಕೂಡ ಬದಲಿಸಿಕೊಂಡರೂ ಅಂಗಡಿಗೆ ಅದೇ ಗ್ರಾಹಕಿ. ಅದೇ ಹೆಸರಿನ ಇನ್ನೊಬ್ಬರು ಬಂದರೆ ಬೇರೆಯೇ ಗ್ರಾಹಕಿ. ವಿವರಗಳು ಬದಲಾಗುತ್ತಿದ್ದರೂ ಆಕೆಯನ್ನು ಹಿಡಿದಿಡಲು ಐಡಿ ಬೇಕೇ ಬೇಕು. ಇನ್ನೊಂದು ವ್ಯಾಲ್ಯೂ ಆಬ್ಜೆಕ್ಟ್. ಮನೆ ನಂಬರು, ಬೀದಿ, ಊರು, ಪಿನ್‌ಕೋಡ್ ಎಲ್ಲ ಒಂದೇ ಆಗಿರುವ ಎರಡು ವಿಳಾಸಗಳಲ್ಲಿ ಯಾವುದನ್ನು ಪಾರ್ಸೆಲ್ ಮೇಲೆ ಅಂಟಿಸಿದರೂ ಅದು ಒಂದೇ ಬಾಗಿಲಿಗೆ ಹೋಗುತ್ತದೆ. ಅಲ್ಲಿರುವ ವಿವರಗಳೇ ಆ ವಿಳಾಸ. ಅದರಾಚೆ ಅದಕ್ಕೆ ಬೇರೆ ಗುರುತು ಇಲ್ಲ.

ಗುರುತಿಲ್ಲದ ವಸ್ತುವನ್ನು ತಿದ್ದಬಾರದು ಎಂಬ ನಿಯಮ ಹುಟ್ಟಿದ್ದು ಇದರಿಂದಲೇ. ಪಿನ್‌ಕೋಡ್ ಬದಲಾದರೆ ಅದು ತಿದ್ದಿದ ವಿಳಾಸವಲ್ಲ, ಬೇರೆ ವಿಳಾಸ. ಹಾಗಾಗಿ ಸಾವಿತ್ರಿಯವರ ಖಾತೆಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ಆರ್ಡರಿನೊಳಗೆ ಅಂದಿನ ವಿಳಾಸದ ಪ್ರತಿ ಹಾಗೇ ಉಳಿಯಬೇಕು. ಜಾವಾ ಭಾಷೆಯ ಹಳೆಯ `java.util.Date` ಈ ನಿಯಮ ಪಾಲಿಸಿರಲಿಲ್ಲ. ಒಂದು ದಿನಾಂಕವನ್ನು ಎರಡು ಕಡೆ ಕೊಟ್ಟು ಒಂದು ಕಡೆ ಬದಲಿಸಿದರೆ ಇನ್ನೊಂದೂ ಬದಲಾಗುತ್ತಿತ್ತು. 2014ರಲ್ಲಿ ಬಂದ `LocalDate` ಅನ್ನು ತಿದ್ದಲು ಬರುವುದಿಲ್ಲ. ಒಂದು ದಿನ ಕೂಡಿಸಿದರೆ ಅದು ಹೊಸ ದಿನಾಂಕವನ್ನೇ ಕೊಡುತ್ತದೆ.

ಹಾಗೆಂದು ವಿಳಾಸ ಎಲ್ಲೆಡೆಯೂ ಬರೀ ವಿವರಗಳ ಕಟ್ಟು ಎಂದು ತೀರ್ಮಾನಿಸುವಂತಿಲ್ಲ. ಯಾವುದಕ್ಕೆ ಗುರುತು ಬೇಕು ಎಂಬುದನ್ನು ಹೇಳುವುದು ವ್ಯವಹಾರ. ವಿದ್ಯುತ್ ಕಂಪನಿಗೆ ತಂತಿ ಎಳೆದು ಮೀಟರ್ ಕೂರಿಸಿದ ಜಾಗ ಒಂದು ಎಂಟಿಟಿ. ಬಾಡಿಗೆದಾರರು ಬದಲಾಗಬಹುದು, ಪಾಲಿಕೆ ಮನೆಗೆ ಹೊಸ ನಂಬರು ಕೊಡಬಹುದು, ಮೀಟರನ್ನೇ ಬದಲಿಸಬಹುದು. ಆಗಲೂ ಆ ಸಂಪರ್ಕದ ಹಳೆಯ ರೀಡಿಂಗು, ಬಿಲ್ಲುಗಳು ಒಂದೇ ಕಡೆ ಸಿಗಬೇಕು. ಕರ್ನಾಟಕದ ವಿದ್ಯುತ್ ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಇರುವುದು ಅದಕ್ಕೇ.